ಬ್ಲೂ ಕಟ್, ಸಾದಾ ಗ್ಲಾಸು, ಕಿತ್ತಳೆ ಕನ್ನಡಕ: ಸಪ್ತಾಪುರದ ರೂಮಿನಲ್ಲಿ ಹಾಕಿ ನೋಡಿದ್ದು

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್‌ಗೆಂದು ರೂಮು ಮಾಡಿಕೊಂಡಿರುವವರ ಓದು ಈಗ ಮುಕ್ಕಾಲು ಪಾಲು ಮೊಬೈಲಿನಲ್ಲೇ. ನೋಟ್ಸು ಪಿಡಿಎಫ್, ಕ್ಲಾಸು ವಿಡಿಯೋ, ಮಾಕ್ ಟೆಸ್ಟು ಆ್ಯಪಿನಲ್ಲಿ. ರಾತ್ರಿ ಹನ್ನೊಂದಕ್ಕೆ ಕಣ್ಣು ಉರಿಯುತ್ತದೆ, ಹನ್ನೆರಡಕ್ಕೆ ಮಲಗಿದರೂ ನಿದ್ದೆ ಬರುವುದಿಲ್ಲ. ಕನ್ನಡಕದ ಅಂಗಡಿಯಲ್ಲಿ ಇದನ್ನು ಹೇಳಿದರೆ ಸಿಗುವ ಉತ್ತರ ಒಂದೇ: ಪರದೆಯ ನೀಲಿ ಬೆಳಕನ್ನು ತಡೆಯುತ್ತದೆ ಎನ್ನುವ ಬ್ಲೂ ಕಟ್ ಗ್ಲಾಸು ಹಾಕಿಸಿ.

ನಾನು ಒಂದೇ ತರದ ಎರಡು ಫ್ರೇಮಿಗೆ ಒಂದೇ ನಂಬರಿನ ಗ್ಲಾಸು ಹಾಕಿಸಿದೆ. ಒಂದರಲ್ಲಿ ಬರೀ ಆಂಟಿ ಗ್ಲೇರ್, ಇನ್ನೊಂದರಲ್ಲಿ ಬ್ಲೂ ಕಟ್. ಬ್ಲೂ ಕಟ್‌ಗೆ ಆರುನೂರು ರೂಪಾಯಿ ಜಾಸ್ತಿ ಬಿತ್ತು. ಆನ್‌ಲೈನಿನಲ್ಲಿ ಕಿತ್ತಳೆ ಬಣ್ಣದ ಕನ್ನಡಕವನ್ನೂ ತರಿಸಿದೆ. ಅದು ನಂಬರಿಲ್ಲದ್ದು, ನನ್ನ ಕನ್ನಡಕದ ಮೇಲೇ ಹಾಕಿಕೊಳ್ಳಬಹುದು. ವಾರಕ್ಕೊಂದನ್ನು ಬದಲಾಯಿಸಿ, ಕಣ್ಣುರಿ ಎಷ್ಟಿತ್ತು, ಮಲಗಿದ ಮೇಲೆ ಎಷ್ಟು ಹೊರಳಾಡಿದೆ ಎಂದು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟೆ. ಯಾವ ಗ್ಲಾಸು ಹಾಕಿದ್ದೇನೆಂದು ನನಗೆ ಗೊತ್ತೇ ಇರುತ್ತಿತ್ತು, ಬ್ಲೂ ಕಟ್ ನೀಲಿ ಹೊಳೆಯುತ್ತದಲ್ವಾ. ಹಾಗಾಗಿ ಮನಸ್ಸಿನ ಆಟ ಇದ್ದಿದ್ದರೆ ಅದು ಬ್ಲೂ ಕಟ್ ಕಡೆಗೇ ವಾಲಬೇಕಿತ್ತು.

ವಾಲಲಿಲ್ಲ. ಕಣ್ಣುರಿಯಲ್ಲಿ ಎರಡೂ ಒಂದೇ. ನಿದ್ದೆಯಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ನನ್ನೊಬ್ಬನ ಮಾತಿಗೆ ಬೆಲೆ ಕಡಿಮೆ, ಒಪ್ಪುತ್ತೇನೆ. ಆದರೆ 2023ರಲ್ಲಿ ಕಾಕ್ರೇನ್ ಸಂಸ್ಥೆಯವರು 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಸಾದಾ ಗ್ಲಾಸಿಗಿಂತ ಬ್ಲೂ ಕಟ್ ಕಣ್ಣಿನ ಆಯಾಸ ಕಡಿಮೆ ಮಾಡುವಂತೆ ಕಾಣಲಿಲ್ಲ. ನಿದ್ದೆಯ ಬಗ್ಗೆ ಆ ಪ್ರಯೋಗಗಳ ಫಲ ಒಂದೊಂದರಲ್ಲಿ ಒಂದೊಂದು ತರ ಇತ್ತು.

ಹಾಗಾದರೆ ಅಂಗಡಿಯವರು ತೋರಿಸುವ ಆ ಲೇಸರ್ ಪೆನ್ನು? ನೀವೂ ನೋಡಿರುತ್ತೀರಿ. ಒಂದು ಬಿಳಿ ಕಾರ್ಡು, ಮೇಲೆ ಗ್ಲಾಸು, ಅದರ ಮೇಲೆ ನೇರಳೆ ಬೆಳಕು. ಸಾದಾ ಗ್ಲಾಸಿನಲ್ಲಿ ಬೆಳಕು ದಾಟಿ ಕಾರ್ಡಿನ ಮೇಲೆ ಕಲೆ ಮೂಡುತ್ತದೆ, ಬ್ಲೂ ಕಟ್‌ನಲ್ಲಿ ಮೂಡುವುದಿಲ್ಲ. ನನಗೆ ಗ್ಲಾಸು ಕೊಟ್ಟವರೂ ಇದನ್ನೇ ತೋರಿಸಿ, "ನೋಡ್ರಿ ಸರ, ಒಂದ್ ಹನಿ ಬೆಳಕೂ ದಾಟಂಗಿಲ್ಲ" ಅಂದರು. ಅವರು ತೋರಿಸಿದ್ದು ಸುಳ್ಳಲ್ಲ, ಆದರೆ ಆ ಬೆಳಕೇ ಬೇರೆ. ಅಂಥ ಪೆನ್ನುಗಳ ಬೆಳಕಿನ ತರಂಗದ ಉದ್ದ ಸಾಮಾನ್ಯವಾಗಿ 405 ನ್ಯಾನೋಮೀಟರ್ ಆಸುಪಾಸು, ಅಂದರೆ ನೇರಳೆ. ಮೊಬೈಲ್ ಪರದೆಯ ನೀಲಿ ಹೆಚ್ಚಾಗಿ ಇರುವುದು 450ರ ಹತ್ತಿರ. ನಮ್ಮ ದೇಹಕ್ಕೆ 'ಇನ್ನೂ ಹಗಲು' ಎಂದು ಸುದ್ದಿ ಮುಟ್ಟಿಸುವ ಕಣ್ಣಿನ ಜೀವಕೋಶಗಳು ಹೆಚ್ಚು ಸ್ಪಂದಿಸುವುದು 480ರ ಹತ್ತಿರದ ಬೆಳಕಿಗೆ. ಮಾಮೂಲಿ ಬ್ಲೂ ಕಟ್ 405ನ್ನು ಚೆನ್ನಾಗಿ ತಡೆಯುತ್ತದೆ. ಪರದೆಯ ನೀಲಿಯಲ್ಲಿ ತಡೆಯುವುದು ಸುಮಾರು ಶೇ 10ರಿಂದ 25, ಅಷ್ಟೇ. ಇದನ್ನು ಮನೆಯಲ್ಲೇ ನೋಡಬಹುದು. ಮೊಬೈಲಿನಲ್ಲಿ ಕಡುನೀಲಿ ಚಿತ್ರ ತೆರೆದು ಗ್ಲಾಸಿನ ಮೂಲಕ ನೋಡಿ. ಬ್ಲೂ ಕಟ್‌ನಲ್ಲಿ ನೀಲಿ ನೀಲಿಯಾಗಿಯೇ ಇರುತ್ತದೆ. ಕಿತ್ತಳೆ ಗ್ಲಾಸಿನಲ್ಲಿ ಅದು ಕಪ್ಪಾಗಿಬಿಡುತ್ತದೆ.

ನನ್ನ ರೂಮ್‌ಮೇಟ್ ಮಾತ್ರ ಬ್ಲೂ ಕಟ್ ಪಕ್ಷ. ಗದಗ ಕಡೆಯವನು, ವಾದದಲ್ಲಿ ಸುಲಭಕ್ಕೆ ಸೋಲುವವನಲ್ಲ. "ನಂದು ತಲಿನೋವು ಹೋಗೇತಿ, ನೀ ಏನರ ಅನ್ನು" ಎನ್ನುತ್ತಿದ್ದ. ಅವನ ಹಳೆಯ ಚೀಟಿ, ಹೊಸ ಚೀಟಿ ಪಕ್ಕಪಕ್ಕ ಇಟ್ಟು ನೋಡಿದೆವು. ಹಳೆಯದರಲ್ಲಿ ಕಣ್ಣಿನ ಉಬ್ಬು ಎಲ್ಲ ಕಡೆ ಸಮ ಇಲ್ಲದ್ದನ್ನು ಸರಿಮಾಡುವ ಸಿಲಿಂಡರ್ ನಂಬರೇ ಇರಲಿಲ್ಲ, ಹೊಸದರಲ್ಲಿ ಎರಡೂ ಕಣ್ಣಿಗೆ ಮುಕ್ಕಾಲು ನಂಬರ್ ಬಂದಿತ್ತು. ಆ ಸಿಲಿಂಡರ್ ಇಲ್ಲದೆ ಸಣ್ಣ ಅಕ್ಷರ ಓದಿದರೆ ತಲೆನೋವು ಬರುವುದು ಮಾಮೂಲಿ. ನಂಬರೂ ಬ್ಲೂ ಕಟ್ಟೂ ಒಂದೇ ದಿನ ಬಂದವು, ಹೆಸರು ಬ್ಲೂ ಕಟ್‌ಗೆ ಹೋಯಿತು. 'ನನಗೆ ಫರಕ್ ಬಿತ್ತು' ಎನ್ನುವ ಬಹಳ ಜನರ ಕಥೆ ಹೀಗೇ ಇರಬಹುದು ಎಂದು ನನ್ನ ಗುಮಾನಿ.

ನನ್ನ ಕಣ್ಣುರಿ ಯಾಕೆ ಎಂದು ಕೊನೆಗೆ ಗೊತ್ತಾಗಿದ್ದೂ ಅವನಿಂದಲೇ. ನಾನು ಪಿಡಿಎಫ್ ಓದುವಾಗ ಸುಮ್ನೆ ಪಕ್ಕದಲ್ಲಿ ಕೂತು ನಾನು ರೆಪ್ಪೆ ಮಿಟುಕಿಸುವುದನ್ನು ಎಣಿಸಿದ. ಮಾಮೂಲಿಯಾಗಿ ಮನುಷ್ಯ ನಿಮಿಷಕ್ಕೆ ಹದಿನೈದರ ಆಸುಪಾಸು ಮಿಟುಕಿಸುತ್ತಾನೆ. ಪರದೆ ನೋಡುವಾಗ ಅದು ಅರ್ಧಕ್ಕೂ ಕೆಳಗೆ ಇಳಿಯಬಹುದು, ನನ್ನದೂ ಇಳಿದಿತ್ತು. ಮಿಟುಕಿಸಿದಾಗಲೂ ಎಷ್ಟೋ ಸಲ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಕಣ್ಣೀರಿನ ಪದರ ಒಣಗುತ್ತದೆ, ಉರಿ ಶುರು. ಅದರ ಮೇಲೆ ಏಪ್ರಿಲ್ ತಿಂಗಳ ಒಣ ಗಾಳಿ, ನೇರ ಮುಖಕ್ಕೆ ತಿರುಗಿಸಿದ ಟೇಬಲ್ ಫ್ಯಾನು. ಫ್ಯಾನನ್ನು ಕಾಲಿನ ಕಡೆ ತಿರುಗಿಸಿದ್ದು ಆರುನೂರು ರೂಪಾಯಿಯ ಗ್ಲಾಸಿಗಿಂತ ಜಾಸ್ತಿ ಕೆಲಸ ಮಾಡಿತು. ಪ್ರತಿ ಪುಟ ಮುಗಿದಾಗ ಕಣ್ಣು ಪೂರ್ತಿ ಮುಚ್ಚಿ ತೆರೆಯುವುದನ್ನೂ ರೂಢಿ ಮಾಡಿಕೊಂಡೆ.

ಇನ್ನೊಂದು ಕಾರಣ ದೂರ. ಮಲಗಿಕೊಂಡು ಓದುವಾಗ ಮೊಬೈಲು ಮುಖದಿಂದ 20 ಸೆಂಟಿಮೀಟರಿಗೆ ಬಂದುಬಿಡುತ್ತದೆ. ಅಲ್ಲಿ ಫೋಕಸ್ ಹಿಡಿಯಲು ಕಣ್ಣಿನೊಳಗಿನ ಸ್ನಾಯು ಹಾಕಬೇಕಾದ ಶ್ರಮ, 40 ಸೆಂಟಿಮೀಟರಿಗೆ ಹಾಕುವುದರ ಎರಡು ಪಟ್ಟು. ಅಕ್ಷರ ದೊಡ್ಡದು ಮಾಡಿ, ಕೂತು, ಕೈ ಸ್ವಲ್ಪ ಚಾಚಿ ಹಿಡಿದರೆ ಮುಗಿಯಿತು. ಇದಕ್ಕೆ ಗ್ಲಾಸಿನ ಬಣ್ಣ ಏನೂ ಮಾಡಲಾರದು.

ಇನ್ನು ಕಿತ್ತಳೆ ಕನ್ನಡಕ. ಇದು 480ರ ಬೆಳಕನ್ನು ನಿಜವಾಗಿಯೂ ತಡೆಯುತ್ತದೆ, ಆದ್ದರಿಂದ ನಿದ್ದೆಯ ವಿಷಯಕ್ಕೆ ಇದರ ಹಿಂದೆ ಅರ್ಥವಿದೆ. ನಿದ್ದೆ ಬಾರದವರ ಮೇಲೆ ಮಾಡಿದ ಒಂದೆರಡು ಸಣ್ಣ ಪ್ರಯೋಗಗಳಲ್ಲಿ ಮಲಗುವ ಎರಡು ತಾಸು ಮೊದಲು ಹಾಕಿದವರಿಗೆ ಸ್ವಲ್ಪ ಉಪಯೋಗ ಕಂಡಿದೆ. ನನಗೂ ಹೊರಳಾಟ ಕಡಿಮೆಯಾಯಿತು. ಆದರೆ ಅದನ್ನು ಹಾಕಿಕೊಂಡು ಭೂಗೋಳದ ನಕ್ಷೆ ಓದಿ ನೋಡಿ! ನದಿ ಯಾವುದು, ಗಡಿ ಯಾವುದು ತಿಳಿಯುವುದಿಲ್ಲ. ಬೇಜಾರಾಗಿ ಮೊಬೈಲು ಬೇಗ ಬದಿಗಿಡುತ್ತಿದ್ದೆ. ನಿದ್ದೆ ತಂದದ್ದು ಗ್ಲಾಸೋ ಬೇಜಾರೋ, ಬಿಡಿಸಿ ಹೇಳುವುದು ಕಷ್ಟ. ಬೈಕ್ ಓಡಿಸುವಾಗ ಮಾತ್ರ ಇದು ಬೇಡ, ರಾತ್ರಿ ಕತ್ತಲು ಇನ್ನಷ್ಟು ಜಾಸ್ತಿಯಾಗುತ್ತದೆ.

ಇವೆಲ್ಲದಕ್ಕೆ ಪೈಪೋಟಿ ಕೊಟ್ಟದ್ದು ಪುಕ್ಕಟೆ ಉಪಾಯ. ಮೊಬೈಲಿನ ನೈಟ್ ಲೈಟ್ ಒಂದೇ ಹಾಕಿದಾಗ ವಿಶೇಷ ಏನೂ ಕಾಣಲಿಲ್ಲ. ಅದರ ಜೊತೆ ಬ್ರೈಟ್‌ನೆಸ್ ಪೂರ್ತಿ ಇಳಿಸಿ, ಹತ್ತು ಗಂಟೆಗೆ ತಲೆ ಮೇಲಿನ ಬಿಳಿ ಟ್ಯೂಬ್‌ಲೈಟ್ ಆರಿಸಿ, ಗೋಡೆಯ ಹಳದಿ ಬಲ್ಬು ಹಾಕಿದಾಗ ಫರಕ್ ಬಿತ್ತು. ರಾತ್ರಿ ಕಣ್ಣಿಗೆ ಬೀಳುವ ಬೆಳಕಿನಲ್ಲಿ ಬ್ರೈಟ್‌ನೆಸ್ ಇಳಿಸಿದ ಮೊಬೈಲಿಗಿಂತ ಆ ಟ್ಯೂಬಿನ ಪಾಲೇ ದೊಡ್ಡದು. ಬ್ಲೂ ಕಟ್ ಹಾಕಿಕೊಂಡು ಟ್ಯೂಬಿನ ಕೆಳಗೆ ಕೂತವರು ಇದನ್ನು ಗಮನಿಸುವುದೇ ಇಲ್ಲ.

ಬೆಳಕು ಏನೂ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ಬೋಸ್ಟನ್‌ನಲ್ಲಿ ಮಾಡಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಲಗುವ ಮೊದಲು ನಾಲ್ಕು ತಾಸು ಟ್ಯಾಬ್ಲೆಟ್ಟಿನಲ್ಲಿ ಓದಿದವರಿಗೆ, ಕಾಗದದ ಪುಸ್ತಕ ಓದಿದಾಗಿನದಕ್ಕಿಂತ ನಿದ್ದೆ ಹತ್ತಲು ಸುಮಾರು ಹತ್ತು ನಿಮಿಷ ಜಾಸ್ತಿ ಹಿಡಿಯಿತು. ಅದೂ ಪರದೆಯ ಬೆಳಕು ಪೂರ್ತಿ ಏರಿಸಿ ಓದಿದ್ದು. ನಮ್ಮ ರೂಮಿನಲ್ಲಿ ರಾತ್ರಿ ಒಂದು ಗಂಟೆಯ ತನಕ ರೀಲ್ಸ್ ನೋಡಿ ಹೋಗುವ ನಿದ್ದೆಯ ಮುಂದೆ ಆ ಹತ್ತು ನಿಮಿಷ ಏನೂ ಅಲ್ಲ.

ಈಗ ನಾನು ಆಂಟಿ ಗ್ಲೇರ್ ಗ್ಲಾಸನ್ನೇ ಹಾಕುತ್ತೇನೆ, ಬ್ಲೂ ಕಟ್‌ದು ಬಾಕ್ಸಿನಲ್ಲಿ ಸ್ಪೇರ್ ಆಗಿದೆ. ಅದರಿಂದ ಕಣ್ಣಿಗೆ ತೊಂದರೆಯೇನೂ ಇಲ್ಲ, ಯಾರಾದರೂ ಈಗಾಗಲೇ ಹಾಕಿಸಿದ್ದರೆ ಬಿಸಾಡಬೇಕಿಲ್ಲ. ಹೊಸದಾಗಿ ಹಾಕಿಸುವವರು ಆ ಆರುನೂರು ರೂಪಾಯಿಯನ್ನು ಮೊದಲು ಸಿಲಿಂಡರ್ ನಂಬರನ್ನೂ ಸರಿಯಾಗಿ ನೋಡುವ ಕಡೆ ಕಣ್ಣು ತಪಾಸಣೆಗೆ ಕೊಡಲಿ. ರೂಮ್‌ಮೇಟ್ ಈಗಲೂ ಒಪ್ಪಿಲ್ಲ.