ಗಿರಾಕಿ ಕ್ವಿಜ್: ಗೂಗಲ್ ಫಾರ್ಮ್ಸೋ, ಟ್ವೈನೋ?

ಗಿರಾಕಿಯೊಡನೆ ಹೇಗೆ ನಡೆದುಕೊಳ್ಳಬೇಕೆಂದು ಅಂಗಡಿ ಕೆಲಸದವರಿಗೆ ಕಲಿಸುವ ಕವಲು ಕ್ವಿಜ್ ಅನ್ನು ಗೂಗಲ್ ಫಾರ್ಮ್ಸ್‌ನಲ್ಲೂ ಮಾಡಬಹುದು, ಕವಲು ಕಥೆ ಕಟ್ಟುವ ಸಾಧನವಾದ ಟ್ವೈನ್‌ನಲ್ಲೂ ಮಾಡಬಹುದು. ಕಾಸರಗೋಡಿನ ಜವಳಿ ಅಂಗಡಿಯೊಂದರ ಸನ್ನಿವೇಶ ಇಟ್ಟುಕೊಳ್ಳಿ. ಬಣ್ಣ ಬಿಟ್ಟ ಸೀರೆಯನ್ನು ಗಿರಾಕಿ ತಂದಿದ್ದಾರೆ, ಬಿಲ್ ಇಲ್ಲ. ಕೆಲಸದವರ ಮುಂದೆ ಮೂರು ದಾರಿ: “ಬಿಲ್ ಇಲ್ಲದೆ ಆಗಲ್ಲ” ಅಂದರೆ 0, ಕೇಳದೆ ಬದಲಿಸಿಕೊಟ್ಟರೆ 1, “ಮೊಬೈಲ್ ನಂಬರ್ ಹೇಳಿ ಅಕ್ಕಾ, ಬಿಲ್ ಹುಡುಕ್ತೇನೆ” ಅಂದರೆ 2.

ಗೂಗಲ್ ಫಾರ್ಮ್ಸ್‌ನಲ್ಲಿ Go to section based on answer ಒತ್ತಿದರೆ ಕವಲು ಸಿದ್ಧ. ಉತ್ತರಗಳೆಲ್ಲ ಶೀಟ್‌ಗೆ ಬಂದು ಬೀಳುತ್ತವೆ. ತೊಡಕಿರುವುದು ಅಂಕದಲ್ಲಿ. ಸರಿಯುತ್ತರಕ್ಕೆ ಪೂರ್ತಿ ಅಂಕ, ಉಳಿದವಕ್ಕೆ ಸೊನ್ನೆ. ನಡುವಿನ 1 ಕೊಡಲು ಜಾಗವೇ ಇಲ್ಲ. ಇನ್ನೊಂದು ಪೆಟ್ಟು: ಮೂರೂ ಕವಲಿನಲ್ಲಿ 2 ಅಂಕದ ಒಂದೊಂದು ಪ್ರಶ್ನೆಯಿದ್ದರೆ, ಮೊದಲ ಪ್ರಶ್ನೆಯ 2 ಸೇರಿ ಒಟ್ಟು 8. ಎಲ್ಲವನ್ನೂ ಸರಿಯಾಗಿ ಆರಿಸಿದವರಿಗೂ 4/8, ಏಕೆಂದರೆ ನೋಡದ ಕವಲೂ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಕ್ವಿಜ್ ಅಂಕ ಬಿಟ್ಟು, ಫಾರ್ಮ್‌ನ ಆಯ್ಕೆಗಳಿಗೆ “ಆಗಲ್ಲ”, “ಬದಲಿಸು”, “ಹುಡುಕು” ಎಂದಷ್ಟೇ ಬರೆದು ಶೀಟ್‌ನಲ್ಲೇ ಲೆಕ್ಕ ಹಾಕಿ:

```
=IFS(B2="ಆಗಲ್ಲ",0,B2="ಬದಲಿಸು",1,B2="ಹುಡುಕು",2)
```

ಆಯ್ಕೆಯ ಪದ ಒಂದಕ್ಷರ ಬದಲಾದರೂ #N/A ಬರುತ್ತದೆ.

ಟ್ವೈನ್‌ನ ಹಾರ್ಲೋ ಮಾದರಿಯಲ್ಲಿ ಆಯ್ಕೆ ತಲುಪುವ ಪುಟದಲ್ಲೇ ಅಂಕ ಬರೆಯಬಹುದು:

```
(set: $score to it + 2)
```

ಆದರೆ ಪಕ್ಕದ ಹಿಂದಿನ ಬಾಣ ಒತ್ತಿದರೆ ಅಂಕವೂ ಹಿಂದಕ್ಕೆ ಹೋಗುತ್ತದೆ, ಮತ್ತೆ ಆರಿಸಿ ಪೂರ್ತಿ ಅಂಕ ಗಳಿಸಬಹುದು. ಆ ಬಾಣವನ್ನು ಮರೆಮಾಡಿ. ಅಂಕ ಕೆಲಸದವರ ಫೋನಿನಲ್ಲೇ ಉಳಿಯುವುದರಿಂದ ಬರೆದುಕೊಳ್ಳಲು ಒಬ್ಬರು ಬೇಕು.

ಐದಾರು ಜನ ಒಟ್ಟಿಗೆ ಕೂತು ಕಲಿಯುವುದಾದರೆ ಟ್ವೈನ್ ತೆಗೆದುಕೊಳ್ಳಿ. ಮಂಜೇಶ್ವರ, ಕುಂಬಳೆ ಶಾಖೆಗಳ ದಾಖಲೆ ಬೇಕಿದ್ದರೆ ಫಾರ್ಮ್ಸ್.