ಗುಂಪು, ಚಾನೆಲ್, ಇಮೇಲ್: ಅಡಿಕೆ ತೋಟದ ವೀಕ್ಷಕರು ಎಲ್ಲಿ ಉಳಿದರು?

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಬಗ್ಗೆ ನಾನು ಮಾಡಿದ ವಿಡಿಯೊವನ್ನು ಒಂದು ಮೇ ತಿಂಗಳಲ್ಲಿ ಇಪ್ಪತ್ತು ಸಾವಿರ ಜನ ನೋಡಿದ್ದರು. ಮರುವರ್ಷ ಅದೇ ವಿಷಯವನ್ನು ಇನ್ನಷ್ಟು ಚೆನ್ನಾಗಿ ಚಿತ್ರಿಸಿ ಹಾಕಿದೆ; ನೋಟ ಮೂರು ಸಾವಿರ ದಾಟಲಿಲ್ಲ. ಚಂದಾದಾರರ ಸಂಖ್ಯೆ ಇಳಿದಿರಲಿಲ್ಲ, ಅವರ ಪರದೆಗೆ ನಾನು ಬರುವುದು ಮಾತ್ರ ನಿಂತಿತ್ತು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ನನ್ನ ಭಾವಮೈದುನ ತನ್ನ ಅಭಿಮಾನಿಗಳನ್ನೆಲ್ಲ ಕಳೆದುಕೊಂಡಿದ್ದ. ಆಗ ನಕ್ಕವನು ನಾನೇ. ಮೊದಲ ಔಷಧಿ ಮುಂಗಾರು ಹಿಡಿಯುವ ಮೊದಲೇ ಬೀಳಬೇಕು, ಎರಡನೆಯದು ಅದಾಗಿ 40–45 ದಿನಕ್ಕೆ. ಆ ಸುದ್ದಿ ಮಳೆ ಶುರುವಾದ ಮೇಲೆ ತಲುಪಿದರೆ ಏನು ಬಂತು?

ಮೊದಲು ವಾಟ್ಸ್ಆ್ಯಪ್ ಗುಂಪು ಮಾಡಿದೆ. ಸೇರುವುದು ಸುಲಭ; ನಾನೂರು ಜನ ಹತ್ತೇ ದಿನದಲ್ಲಿ ಬಂದರು. ಆದರೆ ಗುಂಪಿನಲ್ಲಿ ಎಲ್ಲರ ಮೊಬೈಲ್ ಸಂಖ್ಯೆ ಎಲ್ಲರಿಗೂ ಕಾಣುತ್ತದೆ. ಮೂರನೇ ವಾರ ಯಾರೋ ಔಷಧಿ ಮಾರಾಟಗಾರ ಒಳಗೆ ಸೇರಿ ಸದಸ್ಯರಿಗೆಲ್ಲ ಒಬ್ಬೊಬ್ಬರಾಗಿ ಸಂದೇಶ ಕಳಿಸಿದ. ಬೈಗುಳ ಬಂದದ್ದು ನನಗೆ. ಜೊತೆಗೆ ಮುಂಜಾನೆಯ ಶುಭಾಶಯದ ಚಿತ್ರಗಳು! ಗುಂಪಿನ ಸದ್ದನ್ನೇ ಮುಚ್ಚಿಟ್ಟವರಿಗೆ ನನ್ನ ಸೂಚನೆಯೂ ಕೇಳಿಸುವುದಿಲ್ಲ. 1,024 ಜನರ ಮಿತಿ ನನಗೆ ತೊಡಕಾಗಲೇ ಇಲ್ಲ, ಅಲ್ಲಿಯವರೆಗೆ ಗುಂಪೇ ಬದುಕಲಿಲ್ಲ.

ವಾಟ್ಸ್ಆ್ಯಪ್ ಚಾನೆಲ್ ಇದಕ್ಕಿಂತ ಶಾಂತ. ಯಾರ ಸಂಖ್ಯೆಯೂ ಇನ್ನೊಬ್ಬ ಹಿಂಬಾಲಕನಿಗೆ ಕಾಣುವುದಿಲ್ಲ, ಮಾತನಾಡುವವನು ನಾನೊಬ್ಬನೇ. ಆದರೆ ಹಿಂಬಾಲಕರ ಪಟ್ಟಿಯನ್ನು ಕೈಗೆತ್ತಿಕೊಂಡು ಬೇರೆಡೆ ಹೋಗುವಂತಿಲ್ಲ. ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಬಂದಂತಾಯಿತು. ಟೆಲಿಗ್ರಾಮ್‌ನಲ್ಲಿ ಹೊಸಬರಿಗೆ ಹಳೆಯ ಸಂದೇಶಗಳೂ ಸಿಗುತ್ತವೆ ಎಂಬುದು ಒಳ್ಳೆಯದೇ, ಆದರೆ ನಮ್ಮ ತೋಟದವರಲ್ಲಿ ಅದನ್ನು ಇಟ್ಟುಕೊಂಡವರು ವಿರಳ.

ಇಮೇಲ್ ಪಟ್ಟಿ ಮಾತ್ರ ನಿಜವಾಗಿ ನನ್ನದು. ಸೇವೆ ಬದಲಾಯಿಸಿದರೆ ಪಟ್ಟಿಯನ್ನು ಕಡತವಾಗಿ ಇಳಿಸಿಕೊಂಡು ಹೊರಟರಾಯಿತು. ಬೋರ್ಡೋ ಪ್ರಮಾಣದ ಒಂದು ಪುಟದ ಪಟ್ಟಿಯನ್ನು (ಶೇ 1ಕ್ಕೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು) ಉಡುಗೊರೆಯಾಗಿಟ್ಟು ವಿಳಾಸ ಕೇಳಿದೆ. ವಿಡಿಯೊದ ಕೊನೆಯಲ್ಲಿ ಕ್ಯೂಆರ್ ಕೋಡ್ ತೋರಿಸಿದ್ದು ದಡ್ಡತನ: ಮೊಬೈಲಿನಲ್ಲೇ ವಿಡಿಯೊ ನೋಡುವವನು ಅದೇ ಮೊಬೈಲಿನಿಂದ ಹೇಗೆ ಸ್ಕ್ಯಾನ್ ಮಾಡಬೇಕು? ಮೇಲಕ್ಕೆ ಪಿನ್ ಮಾಡಿದ ಕಮೆಂಟಿನ ಕೊಂಡಿಯಿಂದಲೇ ಹೆಚ್ಚಿನವರು ಬಂದರು.

ಮುನ್ನೂರಹತ್ತು ವಿಳಾಸ ಸಿಕ್ಕವು. ಮೊದಲ ಪತ್ರದಲ್ಲೇ ನಲವತ್ತು ವಾಪಸು ಬಂದವು, ಕೆಲವು gmial.com ಎಂದು ಬರೆದವು, ಕೆಲವು ಇಲ್ಲದ ವಿಳಾಸಗಳು. ತಲುಪಿದವುಗಳಲ್ಲಿಯೂ ಬಹಳಷ್ಟನ್ನು ಯಾರೂ ತೆರೆಯಲಿಲ್ಲ. ಫೋನ್ ಮಾಡಿ ವಿಚಾರಿಸಿದಾಗ ಗುಟ್ಟು ತಿಳಿಯಿತು: ಆ ವಿಳಾಸವನ್ನು ಮೊಬೈಲ್ ಅಂಗಡಿಯ ಹುಡುಗ ಮಾಡಿಕೊಟ್ಟದ್ದು, ಯಜಮಾನರು ಅದರೊಳಗೆ ಒಮ್ಮೆಯೂ ಇಣುಕಿಲ್ಲ. ಅಂದಿನಿಂದ ದೃಢೀಕರಣದ ಪತ್ರದಲ್ಲಿರುವ ಕೊಂಡಿ ಒತ್ತಿದವರನ್ನಷ್ಟೇ ಪಟ್ಟಿಗೆ ಸೇರಿಸುತ್ತೇನೆ. ಪಟ್ಟಿ ನೂರಾಎಂಬತ್ತಕ್ಕೆ ಇಳಿಯಿತು, ಆದರೆ ಅವರು ಓದುವವರು. ಅವರಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳೇ ಹೆಚ್ಚು. ಪತ್ರ ಓದಿ, ಅದರ ಚಿತ್ರ ತೆಗೆದು ಊರಿನ ಅಪ್ಪನಿಗೆ ವಾಟ್ಸ್ಆ್ಯಪ್ ಮಾಡುತ್ತಾರೆ.

ಹಾಗಾದರೆ ಅಪ್ಪನನ್ನೇ ನೇರವಾಗಿ ಹಿಡಿಯಬಾರದೇಕೆ? ಕೊನೆಗೆ ಮಾಡಿದ್ದು ಅದನ್ನೇ. ನಮೂನೆಯಲ್ಲಿ ಹೆಸರು, ತಾಲ್ಲೂಕು, ಮೊಬೈಲ್ ಸಂಖ್ಯೆ ಕೇಳಿ, ಸಂದೇಶ ಕಳಿಸಲು ಒಪ್ಪಿಗೆ ಪಡೆದೆ. ಇಮೇಲ್ ಇದ್ದರೆ ಬರೆಯಿರಿ, ಇಲ್ಲದಿದ್ದರೆ ಬೇಡ. ಸಂಖ್ಯೆಗಳನ್ನು ವಾಟ್ಸ್ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಗೆ ಸೇರಿಸಿದೆ. ಒಂದು ಪಟ್ಟಿಗೆ 256 ಜನ. ಸಂದೇಶ ಪ್ರತಿಯೊಬ್ಬರಿಗೂ ಖಾಸಗಿಯಾಗಿ ಹೋಗುತ್ತದೆ, ಉತ್ತರ ನನಗೊಬ್ಬನಿಗೇ ಬರುತ್ತದೆ. ಒಂದೇ ಕೊಕ್ಕೆ: ನನ್ನ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಸಂದೇಶದ ಮೇಲೆ ಒತ್ತಿ ಹಿಡಿದು ಮಾಹಿತಿ ನೋಡಿದರೆ ಯಾರಿಗೆ ತಲುಪಿದೆ ಎಂಬ ಹೆಸರುಗಳು ಕಾಣುತ್ತವೆ. ಎರಡು ದಿನವಾದರೂ ಅಲ್ಲಿ ಕಾಣದವರಿಗೆ ಫೋನ್ ಮಾಡಿ ಸಂಖ್ಯೆ ಉಳಿಸಿಕೊಳ್ಳಲು ಹೇಳುತ್ತೇನೆ. ಸಂಜೆಗೆ ಹತ್ತು ಕರೆ, ಹೆಚ್ಚೇನಲ್ಲ. ಮೊದಲ ಸುತ್ತಿನಲ್ಲಿ 256ರಲ್ಲಿ ಎಪ್ಪತ್ತು ಜನ ತಪ್ಪಿದ್ದರು, ಮೂರನೆಯದರಲ್ಲಿ ಹದಿನೆಂಟು.

ಸಾವಿರಾರು ಜನರನ್ನು ತಲುಪಬೇಕಾದವರಿಗೆ ಈ ದಾರಿ ನಡೆಯುವುದಿಲ್ಲ. ಅಂಥವರು ಇಮೇಲನ್ನೇ ಕಟ್ಟಬೇಕು, ಅದೂ ಬಿಟ್ಟಿ ಜಿಮೇಲಿನಿಂದಲ್ಲ, ಅದಕ್ಕೆ ದಿನಕ್ಕೆ 500 ಸ್ವೀಕರಿಸುವವರ ಮಿತಿಯಿದೆ. ನನಗೆ ಎರಡೂ ಬೇಕಾಯಿತು: ತುರ್ತಿಗೆ ಬ್ರಾಡ್‌ಕಾಸ್ಟ್, ಉದ್ದದ ಪತ್ರಕ್ಕೆ ಇಮೇಲ್. ನಮೂನೆಯ ಹಾಳೆಯನ್ನು ತಿಂಗಳಿಗೊಮ್ಮೆ ಕಂಪ್ಯೂಟರಿಗೆ ಇಳಿಸಿಕೊಂಡು, ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಡುತ್ತೇನೆ.

ಕಳೆದ ಮೇ ಕೊನೆಯಲ್ಲಿ ‘ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರನ್ನು ಈ ವಾರವೇ ಗೊತ್ತು ಮಾಡಿಕೊಳ್ಳಿ’ ಎಂದು ಕಳಿಸಿದೆ. ಸಾಗರದ ಕಡೆಯ ಹಿರಿಯರೊಬ್ಬರು ಕೂಡಲೇ ಕರೆ ಮಾಡಿದರು. ನನ್ನ ಹೆಸರು ನೆನಪಿರದೆ ಸಂಖ್ಯೆಯನ್ನು ‘ಮೈಲುತುತ್ತ’ ಎಂದು ಉಳಿಸಿಕೊಂಡಿದ್ದರಂತೆ.