‘ಸೋನಾ’ ಕನ್ನಡಕ್ಕೆ ಬಂದರೆ ಬಂಗಾರವೋ ನಿದ್ದೆಯೋ? ನಾಲ್ಕು ದಾರಿ ತುಳಿದು ನೋಡಿದೆ

ಮೊದಲೇ ಹೇಳಿಬಿಡ್ತೀನಿ, ‘ಸೋನಾ’ ಪದದ ಮೇಲೆ ನಿಂತ ಹಿಂದಿ ಜೋಕೊಂದನ್ನ ಕನ್ನಡಕ್ಕೆ ತರೋದರಲ್ಲಿ ನನ್ನ ಓಟು ‘ಹಟ್ಟಿ’ ಅನ್ನೋ ಪದಕ್ಕೆ. ಅಲ್ಲಿಗೆ ಮುಟ್ಟೋಕೆ ಮುಂಚೆ ಮೂರು ಕಡೆ ಮುಗ್ಗರಿಸಿದ್ದೀನಿ, ಅದನ್ನೂ ಕೇಳಿ.

ಗಂಗಾವತಿಯ ಅಕ್ಕಿ ಮಿಲ್ಲೊಂದರಲ್ಲಿ ಲೆಕ್ಕ ಬರೆಯೋದು ನನ್ನ ಹೊಟ್ಟೆಪಾಡು. ಸಂಜೆ ಮೇಲೆ ಮೈಕ್ ಹಿಡಿಯೋ ಚಟ. ಹಿಂದಿಯಲ್ಲಿ ಸ್ಟ್ಯಾಂಡಪ್ ಮಾಡುವ ಗೆಳೆಯನೊಬ್ಬ ತನ್ನ ಹನ್ನೆರಡು ನಿಮಿಷದ ಸೆಟ್ಟು ಕೊಟ್ಟು, ‘ಕನ್ನಡದಾಗ ನೀನೇ ಮಾಡ್ಕೊ’ ಅಂದ. ಒಂದು ಜೋಕು ಬಿಟ್ಟು ಉಳಿದಿದ್ದೆಲ್ಲ ಸಲೀಸಾಗಿ ಬಂತು. ಆ ಒಂದು ಇದು, ಬೀದಿಯಲ್ಲಿ ಓಡಾಡುವ ಹಳೇ ಜೋಕೇ: ‘ಬೀವಿ ಬೋಲಿ, ಸೋನಾ ಚಾಹಿಯೇ. ಮೈನೆ ಕಹಾ, ತೋ ಸೋ ಜಾವೊ, ಕಿಸ್ನೆ ರೋಕಾ ಹೈ?’ ಹೆಂಡತಿ ಕೇಳಿದ್ದು ಬಂಗಾರ, ಗಂಡ ಕೇಳಿಸಿಕೊಂಡಿದ್ದು ನಿದ್ದೆ. ಎಂಟು ನಿಮಿಷ ಬಿಟ್ಟು ಗೆಳೆಯ ಅದೇ ಪದಕ್ಕೆ ವಾಪಸ್ ಬರ್ತಾನೆ: ‘ಬಚ್ಚಾ ಹೋನೇ ಕೆ ಬಾದ್ ಪತಾ ಚಲಾ, ಸೋನಾ ಕಿತ್ನಾ ಮೆಹೆಂಗಾ ಹೈ.’ ಕೂಸು ಹುಟ್ಟಿದ ಮೇಲೆ ‘ಸೋನಾ’ ಎಷ್ಟು ತುಟ್ಟಿ ಅಂತ ಗೊತ್ತಾಯ್ತಂತೆ, ಈ ಸಲ ತುಟ್ಟಿಯಾಗಿದ್ದು ನಿದ್ದೆ. ಸಭೆ ಬಿದ್ದು ಬಿದ್ದು ನಗೋದು ಈ ಎರಡನೇ ಸಲಕ್ಕೆ.

ಮೊದಲು ಮಾಡಿದ್ದು ಬಿಡಿಸಿ ಹೇಳೋ ದಾರಿ. ಕೊಪ್ಪಳದಲ್ಲಿ ಒಂದು ಮದುವೆಯ ಹಿಂದಿನ ರಾತ್ರಿ ಕಾರ್ಯಕ್ರಮ. ‘ಹಿಂದ್ಯಾಗ ಸೋನಾ ಅಂದ್ರ ಬಂಗಾರನೂ ಹೌದ್ರಿ, ಮಲಗೂದೂ ಹೌದ್ರಿ’ ಅಂತ ಜೋಕು ಮುಗಿದ ಮೇಲೆ ತಿಳಿಸಿದೆ. ಮುಂದಿನ ಸಾಲಿನ ಯಜಮಾನರೊಬ್ಬರು ‘ಹೌದೇನು’ ಅಂದರು. ಅಷ್ಟೇ. ಪಾಠ ಕೇಳಿದಂಗೆ ತಲೆ ಆಡಿಸಿದರು.

ಎರಡನೇದು, ಹಿಂದಿ ಸಾಲನ್ನ ಹಾಗೇ ಬಿಟ್ಟು ಸುತ್ತಲಿನ ಮಾತು ಮಾತ್ರ ಕನ್ನಡ ಮಾಡೋದು. ಇದನ್ನ ಪೂರ್ತಿ ತೆಗೆದುಹಾಕೋ ಹಂಗಿಲ್ಲ. ರಾಯಚೂರು 1948ರವರೆಗೆ ನಿಜಾಮರ ಸೀಮೆ, ಓಣಿ ಓಣಿಯಲ್ಲಿ ದಖನಿ ಉರ್ದು ಕಿವಿಗೆ ಬೀಳುತ್ತೆ. ಅಲ್ಲಿ ‘ಸೋನಾ’ ಅಂದ ಕೂಡಲೇ ಮುಕ್ಕಾಲು ಸಭೆ ನಕ್ಕಿತು. ಉಳಿದ ಕಾಲು ಭಾಗ ಪಕ್ಕದವರನ್ನ ‘ಏನಂದ, ಏನಂದ’ ಅಂತ ಕೇಳ್ತು. ಅವರು ಹೇಳಿದರು, ಇವರು ತಡವಾಗಿ ನಕ್ಕರು, ಆ ನಗುವಿನಲ್ಲಿ ನನ್ನ ಮುಂದಿನ ಜೋಕಿನ ಮೊದಲ ಸಾಲು ಮುಳುಗಿತು. ಬಳ್ಳಾರಿ 1953ರವರೆಗೆ ಮದರಾಸಿನ ಕಡೆ ಇದ್ದಿದ್ದು. ಅಲ್ಲಿ ಸಭೆಗೆ ತೆಲುಗು ಎಸೆದರೆ ಹಿಡೀತಾರೆ, ಹಿಂದಿ ಪನ್ ಅರ್ಧಕ್ಕರ್ಧ ನೆಲಕ್ಕೆ ಬೀಳುತ್ತೆ.

ಮೂರನೇದು, ಪದದಾಟ ಕೈಬಿಟ್ಟು ಸನ್ನಿವೇಶ ಉಳಿಸೋದು: ಹೆಂಡತಿ ಬಂಗಾರ ಅಂದ ಕೂಡಲೇ ಗಂಡ ಗೊರಕೆ ಹೊಡೀತಾನೆ. ಎಲ್ಲ ಊರಲ್ಲೂ ಒಂದಿಷ್ಟು ನಗು ಗ್ಯಾರಂಟಿ, ಎಲ್ಲೂ ಚಪ್ಪಾಳೆ ಇಲ್ಲ.

ನಾಲ್ಕನೇದೇ ನನ್ನದು: ಅದೇ ಜಾಗದಲ್ಲಿ ಕನ್ನಡದ್ದೇ ಹೊಸ ಶ್ಲೇಷೆ ನೆಡೋದು. ಮೊದಲು ಹಿಂದಿಯಲ್ಲಿ ಇದು ಯಾಕೆ ನಡೆಯಿತು ಅಂತ ನೋಡಿದೆ. ಅಲ್ಲಿ ‘ಸೋನಾ’ ನಾಮಪದವೂ ಹೌದು, ಕ್ರಿಯಾಪದದ ಮೂಲರೂಪವೂ ಹೌದು, ‘ಚಾಹಿಯೇ’ ಎರಡಕ್ಕೂ ಸಲ್ಲುತ್ತೆ. ನಮ್ಮ ‘ಬೇಕು’ ಕೂಡ ಎರಡೂ ಕೆಲಸ ಮಾಡುತ್ತೆ. ಆದರೆ ‘ನನಗ ಬಂಗಾರ ಬೇಕು’, ‘ನಾನು ಮಲಗಬೇಕು’ ಅಂದಾಗ ಮುಂದಿನ ‘ನನಗ’, ‘ನಾನು’ಗಳೇ ಗುಟ್ಟು ಬಿಟ್ಟುಕೊಡುತ್ತವೆ. ಕನ್ನಡದಲ್ಲಿ ನಾಮಪದಕ್ಕೂ ಕ್ರಿಯಾಪದಕ್ಕೂ ಗಂಟು ಹಾಕಿದ ಶ್ಲೇಷೆ ಪ್ರತ್ಯಯ ಬಂದ ಕೂಡಲೇ ಬಿಚ್ಚಿಹೋಗುತ್ತೆ. ‘ಹತ್ತಿ’ ಅಂದರೆ ಅರಳೆಯೂ ಆದೀತು, ಬಸ್ ಹತ್ತಿಯೂ ಆದೀತು. ‘ಹತ್ತಿಗೆ’ ಅಂದಿರೋ, ಬಸ್ ಹೋಯ್ತು, ಅರಳೆ ಉಳೀತು. ಅದಕ್ಕೆ ಎರಡೂ ನಾಮಪದವೇ ಇರುವ ಜೋಡಿ ಹುಡುಕಬೇಕು.

ಬಂಗಾರದ ಮನೆಯ ಪದಗಳನ್ನ ಮಿಲ್ಲಿನ ಚೀಟಿ ಹಿಂದೆ ಬರೀತಾ ಹೋದೆ: ತೊಲ, ಒಡವಿ, ತಾಳಿ, ಸರ, ಗಣಿ. ‘ಸರ’ಕ್ಕೆ ಬಂದಾಗ ಕುಣಿದಾಡಿದೆ. ನಮ್ಮ ಕಡೆ ಮಾಸ್ತರನ್ನೂ ‘ಸರ’ ಅಂತಾನೇ ಕರೀತೀವಲ್ಲ! ‘ನನ್ನಾಕಿ ಸರ ಬೇಕಂದ್ಲು, ಹೆಡ್ ಮಾಸ್ತರ ನಂಬರ್ ಕೊಟ್ಟೆ.’ ಕಾರಟಗಿಯಲ್ಲಿ ಹೇಳಿದೆ, ಪಟ್ಟಂತ ನಗು ಬಂತು. ಖುಷಿ ಎಂಟು ನಿಮಿಷ ಉಳೀತು. ಕೂಸು ಹುಟ್ಟಿದ ಭಾಗಕ್ಕೆ ಬಂದಾಗ ‘ಸರ’ ಹಿಡಕೊಂಡು ನಿದ್ದೆಗೆ ಹೋಗೋ ದಾರಿನೇ ಇಲ್ಲ. ಮೂಲದಲ್ಲಿ ಸಭೆ ಎದ್ದು ನಗುವ ಜಾಗದಲ್ಲಿ ನಾನು ನೀರು ಕುಡಿದೆ. ಮರಳಿ ಬರುವ ಪದ ಇದ್ದರೆ ಹುಡುಕಾಟ ಎರಡನೇ ಸಲದಿಂದ ಹಿಂದಕ್ಕೆ ಶುರುವಾಗಬೇಕು ಅಂತ ಅಲ್ಲಿ ಗೊತ್ತಾಯ್ತು.

ಹಂಗೆ ಹಿಂದಿನಿಂದ ಬಂದಾಗ ಸಿಕ್ಕಿದ್ದು ಹಟ್ಟಿ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಲಿಂಗಸುಗೂರು ತಾಲೂಕಿನ ಹಟ್ಟಿ ಇವತ್ತಿಗೂ ಬಂಗಾರ ತೆಗೀತದೆ. ಕುರಿ ಕೂಡುವ ಜಾಗವೂ ಹಟ್ಟಿಯೇ. ಎರಡೂ ನಾಮಪದ, ಹಟ್ಟಿಗೆ ಅನ್ನಿ, ಹಟ್ಟ್ಯಾಗ ಅನ್ನಿ, ಗಂಟು ಬಿಚ್ಚಲ್ಲ.

‘ನನ್ನಾಕಿ ಬಂಗಾರ ಬೇಕಂದ್ಲು. ಅಂಗಡಿಗೆ ಯಾಕ, ಸೀದಾ ಹಟ್ಟಿಗೇ ಹೋಗೂಣು ನಡಿ ಅಂದೆ. ರೇಷ್ಮಿ ಸೀರಿ ಉಟ್ಕೊಂಡು ಬಂದ್ಲು. ಈಗ ನಮ್ಮ ಕಾಕಾನ ಕುರಿ ಹಿಕ್ಕಿ ಬಳ್ಯಾಕತ್ತಾಳ.’

ಆಮೇಲೆ, ಕೂಸು ಹುಟ್ಟಿದ ಭಾಗದಲ್ಲಿ: ‘ಈಗ ನಮ್ಮ ಮನಿನೇ ಹಟ್ಟಿ ಆಗೇತಿ. ತೊಟ್ಲಾಗ ಬಂಗಾರ ಐತಿ, ಖರೆ. ಆದ್ರ ನನಗ ದಿನಾ ನೈಟ್ ಶಿಫ್ಟು.’

ಕೂಸಿಗೆ ಬಂಗಾರ ಅನ್ನೋದು ನಮ್ಮ ಅವ್ವಂದಿರ ಬಾಯಲ್ಲಿ ಮೊದಲಿಂದ ಇದ್ದದ್ದೇ, ನಾನೇನೂ ಹೊಸೆಯಲಿಲ್ಲ. ಸಿಂಧನೂರಿನಲ್ಲಿ ಈ ಸಾಲಿಗೆ ನಕ್ಕವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ನಿದ್ದೆಗೆಟ್ಟವರು ಅವರೇ ಅಲ್ಲವಾ.

ಇಷ್ಟಾಗಿಯೂ ಬಳ್ಳಾರಿಯಲ್ಲಿ ಇದೇ ಜೋಕು ಕೈಕೊಟ್ಟಿತು. ನನ್ನನ್ನ ತಿಂಗಳುಗಟ್ಟಲೆ ಕಾಡಿದ್ದು ಇದೇ. ಆ ಊರಲ್ಲಿ ಗಣಿ ಅಂದರೆ ಸಂಡೂರಿನ ಕೆಂಪು ಅದಿರು, ಲಾರಿ, ಧೂಳು. ಹಟ್ಟಿ ಅಂದರೆ ಮೊದಲು ನೆನಪಾಗೋದು ಕುರಿ. ಹೆಂಡತಿ ಬಂಗಾರ ಅಂದಾಗ ಗಂಡ ಕುರಿಹಟ್ಟಿಗೆ ಕರೀತಾನೆ ಅಂತಷ್ಟೇ ಕೇಳಿಸಿತು. ಮೋಸವೇ ಕಾಣದಿದ್ದ ಮೇಲೆ ನಗೋದು ಯಾತಕ್ಕೆ? ‘ಹಟ್ಟಿ ಚಿನ್ನದ ಗಣಿಗೆ’ ಅಂತ ಬಿಡಿಸಿ ಹೇಳಿ ನೋಡಿದೆ, ಆಗ ಕುರಿ ಸತ್ತಿತು. ಶ್ಲೇಷೆಗೆ ಎರಡೂ ಅರ್ಥ ಕೇಳುವವನ ತಲೆಯಲ್ಲಿ ಮುಂಚೆಯೇ ಕೂತಿರಬೇಕು, ಅದರಲ್ಲೂ ತಪ್ಪು ದಾರಿಗೆ ಎಳೆಯುವ ಅರ್ಥ ಮೇಲೆ ಕೂತಿರಬೇಕು.

ಕೊನೆಗೆ ಮಾಡಿದ್ದು ಇಷ್ಟು. ಜೋಕಿಗೆ ಮೂರು ನಿಮಿಷ ಮುಂಚೆ, ಮದುವೆಯ ಭಾಗದಲ್ಲಿ, ಹೋಗ್ತಾ ಹೋಗ್ತಾ ಒಂದು ಸಾಲು ಬಿಟ್ಟೆ: ‘ನಮ್ಮ ಮಾವ ಹಟ್ಟಿ ಗಣ್ಯಾಗ ಕೆಲಸ ಮಾಡ್ತಾರ, ಬಂಗಾರ ತೆಗೀತಾರ, ಮನಿಗೆ ಬರೇ ಕೆಮ್ಮು ತರ್ತಾರ.’ ಅದಕ್ಕೇ ಒಂದು ಸಣ್ಣ ನಗು ಇರೋದರಿಂದ ಯಾರಿಗೂ ಅದು ವಿವರಣೆ ಅನ್ನಿಸಲ್ಲ. ಹಟ್ಟಿ ತಲೆಗೆ ಹೋಗಿ ಕೂತಿರುತ್ತೆ. ಎರಡನೇ ಸಲ ಬಳ್ಳಾರಿಗೆ ಹೋದಾಗ ‘ಹಿಕ್ಕಿ’ ಪದಕ್ಕೆ ಸರಿಯಾಗಿ ನಗು ಬಿತ್ತು.

ಹಂಗಂತ ಎಲ್ಲರಿಗೂ ನಾಲ್ಕನೇ ದಾರಿ ಹಿಡೀರಿ ಅನ್ನಲ್ಲ. ಎರಡು ವಾಕ್ಯಕ್ಕೆ ನನಗೆ ಮೂರು ರಾತ್ರಿ ಹಿಡೀತು, ಒಂದು ಶೋಗೆ ಸಿಗೋದು ಎರಡು ಸಾವಿರ, ಬಸ್ ಚಾರ್ಜು ನಮ್ಮದೇ. ಒಂದೇ ಸಲ ಮಾಡಿ ಬಿಡೋ ಕಾರ್ಯಕ್ರಮಕ್ಕೆ ನಾನೂ ಗೊರಕೆ ಹೊಡೆದು ಬರ್ತೀನಿ. ರಾಯಚೂರಿನ ಪೇಟೆಯೊಳಗೆ, ಸಭೆ ಸಣ್ಣದಿದ್ದರೆ, ಹಿಂದಿ ಸಾಲೇ ಸಾಕು. ವರ್ಷಪೂರ್ತಿ ಊರೂರು ತಿರುಗಿಸೋ ಸೆಟ್ಟಿಗೆ ಮಾತ್ರ ಹಟ್ಟಿ.

ಅಂದಹಾಗೆ ನನಗೆ ಹಟ್ಟಿಯಲ್ಲಿ ಯಾವ ಮಾವನೂ ಇಲ್ಲ. ಆ ಬಳ್ಳಾರಿ ಶೋ ಮುಗಿಸಿ ಮಿರ್ಚಿ ತಿನ್ನುತ್ತಾ ನಿಂತಿದ್ದಾಗ ಒಬ್ಬರು ಹತ್ತಿರ ಬಂದು, ‘ನಿಮ್ಮ ಮಾವರ ಕಡಿಂದ ತೊಲಕ್ಕ ಏನರ ಕಡಿಮಿ ಆಗ್ತೈತೇನ್ರಿ?’ ಅಂತ ಮೆಲ್ಲಗೆ ಕೇಳಿದರು.